ಇಪ್ಪತ್ತು ನಿಮಿಷಕ್ಕೆ ಮೂವತ್ತೈದು ಪ್ರಶ್ನೆ: ಬ್ಯಾಂಕ್ ಕ್ಲರ್ಕ್ ಪ್ರಿಲಿಮ್ಸ್‌ನಲ್ಲಿ ಸಮಯ ಎಲ್ಲಿ ಸೋರುತ್ತದೆ?

ಪ್ರಶ್ನೆ: ಸರ್, ನಾನು ಜಮಖಂಡಿಯವಳು, ಬಿ.ಕಾಂ. ಮುಗಿಸೀನಿ. ಐಬಿಪಿಎಸ್ ಕ್ಲರ್ಕ್ ಪ್ರಿಲಿಮ್ಸ್ ಎರಡು ಸಲ ಬರದೆ, ಎರಡೂ ಸಲ ಆಗಲಿಲ್ಲ. ಮನ್ಯಾಗ ಕುಂತು ಮಾಡಿದ್ರ ಲೆಕ್ಕ ಎಲ್ಲಾ ಬರ್ತಾವ, ಪರೀಕ್ಷಾದಾಗ ಟೈಮ್ ಸಾಲೂದಿಲ್ಲ. ಹೋದ ಸಲ ನ್ಯೂಮರಿಕಲ್‌ನಾಗ 16, ರೀಸನಿಂಗ್‌ನಾಗ 19 ಪ್ರಶ್ನೆ ಅಷ್ಟ ಮುಟ್ಟಾಕ ಆತು. ಒಂದೊಂದು ವಿಭಾಗಕ್ಕ ಟೈಮ್ ಹೆಂಗ ಹಂಚಿಕೋಬೇಕು? ಇನ್ನ ಎರಡು ತಿಂಗಳು ಅದಾವ, ಹೆಂಗ ತಯಾರಿ ಮಾಡ್ಲಿ?

ಉತ್ತರ: ಮನೆಯಲ್ಲಿ ಲೆಕ್ಕ ಬರುತ್ತದೆ ಎಂದ ಮೇಲೆ ನಿಮಗೆ ಹೊಸ ಪಾಠ ಬೇಕಿಲ್ಲ. ಇಪ್ಪತ್ತು ನಿಮಿಷ ಯಾವ ಪ್ರಶ್ನೆಗಳ ಮೇಲೆ ಹೋಯಿತು ಎಂಬ ಲೆಕ್ಕ ಬೇಕು. ಅದನ್ನೇ ಇಲ್ಲಿ ಮಾಡೋಣ. ಇಂಗ್ಲಿಷ್ ವಿಭಾಗವನ್ನು ನೀವು ಕೇಳಿಲ್ಲ, ಹಾಗಾಗಿ ಅದನ್ನು ಬಿಟ್ಟಿದ್ದೇನೆ.

ಮೊದಲು ಪರೀಕ್ಷೆಯ ಚೌಕಟ್ಟು. ಪ್ರಿಲಿಮ್ಸ್‌ನಲ್ಲಿ ಒಟ್ಟು 100 ಪ್ರಶ್ನೆ, 60 ನಿಮಿಷ. ಇಂಗ್ಲಿಷ್ 30, ನ್ಯೂಮರಿಕಲ್ 35, ರೀಸನಿಂಗ್ 35. ಪ್ರತಿ ವಿಭಾಗಕ್ಕೂ ಪ್ರತ್ಯೇಕವಾಗಿ 20 ನಿಮಿಷ. ರೀಸನಿಂಗ್‌ನಲ್ಲಿ ಎರಡು ನಿಮಿಷ ಉಳಿದರೂ ಅದನ್ನು ನ್ಯೂಮರಿಕಲ್‌ಗೆ ಒಯ್ಯಲಾಗದು. ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತ. ಮೂರೂ ವಿಭಾಗಗಳಲ್ಲಿ ಬೇರೆಬೇರೆ ಕಟ್‌ಆಫ್ ದಾಟಬೇಕು, ಒಟ್ಟು ಅಂಕದಲ್ಲೂ ದಾಟಬೇಕು. ಆದರೆ ಪ್ರಿಲಿಮ್ಸ್ ಅಂಕ ಕೊನೆಯ ಆಯ್ಕೆಪಟ್ಟಿಗೆ ಸೇರುವುದಿಲ್ಲ, ಮೇನ್ಸ್‌ಗೆ ಬಾಗಿಲು ತೆರೆಯುವುದಷ್ಟೇ ಅದರ ಕೆಲಸ. ಆದ್ದರಿಂದ 35ಕ್ಕೆ 35 ಮಾಡುವ ಹಟ ಇಲ್ಲಿ ಬೇಕಾಗಿಲ್ಲ. ಎರಡೂ ವಿಭಾಗಗಳಲ್ಲಿ 25ರ ಆಸುಪಾಸು ಮುಟ್ಟಿ, ಅದರಲ್ಲಿ ತಪ್ಪು ಎರಡು ಮೂರನ್ನು ಮೀರದಂತೆ ನೋಡಿಕೊಳ್ಳುವುದನ್ನು ಗುರಿ ಇಟ್ಟುಕೊಳ್ಳಿ.

20 ನಿಮಿಷವನ್ನು 35ಕ್ಕೆ ಭಾಗಿಸಿದರೆ ಒಂದು ಪ್ರಶ್ನೆಗೆ ಸುಮಾರು 34 ಸೆಕೆಂಡು. ಎಲ್ಲರೂ ಹೇಳುವ ಈ ಸರಾಸರಿಯೇ ದಾರಿ ತಪ್ಪಿಸುತ್ತದೆ. ಒಂದು ಸಿಂಪ್ಲಿಫಿಕೇಶನ್ ಲೆಕ್ಕ 20 ಸೆಕೆಂಡಿಗೆ ಮುಗಿಯುತ್ತದೆ. ಐದು ಪ್ರಶ್ನೆಯ ಒಂದು ಪಜಲ್‌ಗೆ ನಾಲ್ಕೂವರೆ ನಿಮಿಷ ಬೇಕು, ಅದರಲ್ಲಿ ಮೊದಲ ಮೂರು ನಿಮಿಷ ಒಂದು ಅಂಕವೂ ಬರುವುದಿಲ್ಲ. ಚಿತ್ರ ಪೂರ್ತಿಯಾದ ಮೇಲೆ ಐದೂ ಉತ್ತರ ಒಟ್ಟಿಗೆ ಬರುತ್ತವೆ. ಆದ್ದರಿಂದ ಸಮಯವನ್ನು ಪ್ರಶ್ನೆಗೆ ಇಷ್ಟು ಎಂದು ಹಂಚಬಾರದು, ಗುಂಪಿಗೆ ಇಷ್ಟು ಎಂದು ಹಂಚಬೇಕು.

ಇನ್ನೊಂದು ಸಣ್ಣ ವಿಷಯ. ಪರದೆಯ ಮೇಲಿನ ಗಡಿಯಾರ ಉಳಿದ ಸಮಯವನ್ನು ತೋರಿಸುತ್ತದೆ, ಅಂದರೆ 20:00ರಿಂದ ಕೆಳಗಿಳಿಯುತ್ತದೆ. 'ಐದು ನಿಮಿಷ ಕಳೆಯಿತಾ' ಎಂದು ತಲೆಯಲ್ಲಿ ಕಳೆಯುವ ಲೆಕ್ಕ ಮಾಡಬೇಕಾಗಬಾರದು. ಯೋಜನೆಯನ್ನೇ ಉಳಿದ ಸಮಯದಲ್ಲಿ ಬರೆದುಕೊಳ್ಳಿ. ಕೆಳಗೆ ಕೊಟ್ಟ ಗುರುತುಗಳೆಲ್ಲ ಹಾಗೆಯೇ ಇವೆ.

ನ್ಯೂಮರಿಕಲ್ ವಿಭಾಗ

ಪ್ರಶ್ನೆಗಳ ಹಂಚಿಕೆ ಪ್ರತಿ ವರ್ಷ, ಕೆಲವೊಮ್ಮೆ ಪಾಳಿಯಿಂದ ಪಾಳಿಗೆ ಬದಲಾಗುತ್ತದೆ. ಆದರೂ ಸಿಂಪ್ಲಿಫಿಕೇಶನ್, ನಂಬರ್ ಸೀರೀಸ್, ಕೋಷ್ಟಕ ನೋಡಿ ಉತ್ತರಿಸುವ ಒಂದು ಡಿಐ ಗುಂಪು, ಉಳಿದಂತೆ ಬಿಡಿ ಲೆಕ್ಕಗಳು ಎಂಬುದು ಸಾಮಾನ್ಯ ಮೈಕಟ್ಟು. 16 ಪ್ರಶ್ನೆಗೆ ನಿಂತವರ 20 ನಿಮಿಷ ಹೆಚ್ಚಾಗಿ ಹೀಗೆ ಖರ್ಚಾಗಿರುತ್ತದೆ: ಸಿಂಪ್ಲಿಫಿಕೇಶನ್ 8 ಪ್ರಶ್ನೆಗೆ 6 ನಿಮಿಷ, ಸೀರೀಸ್ 3ಕ್ಕೆ ನಾಲ್ಕೂವರೆ ನಿಮಿಷ, ಡಿಐ 3ಕ್ಕೆ 6 ನಿಮಿಷ, ಬಿಡಿ ಲೆಕ್ಕ 2ಕ್ಕೆ ಮೂರೂವರೆ ನಿಮಿಷ. ಇದು ಉದಾಹರಣೆಯ ಹಾಳೆ, ನಿಮ್ಮದು ಸ್ವಲ್ಪ ಬೇರೆ ಇರಬಹುದು. ಗಮನಿಸಬೇಕಾದದ್ದು ಏನೆಂದರೆ, ಇಲ್ಲಿ ಕಠಿಣ ಲೆಕ್ಕಕ್ಕೆ ಹೋದ ಸಮಯಕ್ಕಿಂತ ಸುಲಭ ಲೆಕ್ಕವನ್ನು ನಿಧಾನ ಮಾಡಿದ್ದರಿಂದ ಹೋದ ಸಮಯವೇ ದೊಡ್ಡದು. ಒಂದೊಂದು ಸಿಂಪ್ಲಿಫಿಕೇಶನ್‌ಗೆ 45 ಸೆಕೆಂಡು ಹಿಡಿದಿದೆ.

ಯಾಕೆ ಅಷ್ಟು ಹಿಡಿಯುತ್ತದೆ ಎಂದು ಈ ಲೆಕ್ಕದಲ್ಲಿ ನೋಡಿ:

640 ರ 37.5% + 18 × 15 − ? = 21²

37.5 ಎಂದರೆ ಎಂಟರಲ್ಲಿ ಮೂರು ಭಾಗ ಎಂದು ಗೊತ್ತಿದ್ದವರು 640ನ್ನು ಎಂಟರಿಂದ ಭಾಗಿಸಿ 80, ಮೂರು ಪಟ್ಟು 240 ಎನ್ನುತ್ತಾರೆ. 18 ಹದಿನೈದಲೆ 270. ಕೂಡಿದರೆ 510. 21ರ ವರ್ಗ 441. ಉತ್ತರ 69. ಪೆನ್ನು ಮುಟ್ಟದೆ 15ರಿಂದ 20 ಸೆಕೆಂಡು. ಗೊತ್ತಿಲ್ಲದವರು 640ನ್ನು 37.5ರಿಂದ ಗುಣಿಸಿ 100ರಿಂದ ಭಾಗಿಸಲು ಕೂರುತ್ತಾರೆ, 21ನ್ನು 21ರಿಂದ ಉದ್ದಕ್ಕೆ ಗುಣಿಸುತ್ತಾರೆ. ಉತ್ತರ ಅದೇ 69, ಸಮಯ ಮಾತ್ರ 50 ಸೆಕೆಂಡು. ಮನೆಯಲ್ಲಿ ಇಬ್ಬರಿಗೂ 'ಲೆಕ್ಕ ಬರುತ್ತದೆ'. ಪರೀಕ್ಷೆಯಲ್ಲಿ ಹನ್ನೆರಡು ಪ್ರಶ್ನೆಗೆ ಬಂದಾಗ ಇವರಿಬ್ಬರ ನಡುವೆ ಆರು ನಿಮಿಷದ ಅಂತರ ಬಿದ್ದಿರುತ್ತದೆ.

ಆದ್ದರಿಂದ ಬಾಯಿಪಾಠ ಬೇಕೇ ಬೇಕು. 20ರವರೆಗೆ ಮಗ್ಗಿ, 30ರವರೆಗೆ ವರ್ಗ, 15ರವರೆಗೆ ಘನ, ಮತ್ತು ಅರ್ಧದಿಂದ ಹನ್ನೆರಡನೇ ಒಂದರವರೆಗೆ ಭಿನ್ನರಾಶಿಗಳ ಶೇಕಡಾ ರೂಪ: ಆರನೇ ಒಂದು 16.67, ಏಳನೇ ಒಂದು 14.29, ಎಂಟನೇ ಒಂದು 12.5, ಒಂಬತ್ತನೇ ಒಂದು 11.11, ಹನ್ನೊಂದನೇ ಒಂದು 9.09, ಹನ್ನೆರಡನೇ ಒಂದು 8.33. ನಮ್ಮ ಹಿರಿಯರು ಕಾಲು, ಅರ್ಧ, ಮುಕ್ಕಾಲು, ಒಂದೂಕಾಲು ಎಂದು ಭಿನ್ನಗಳಿಗೂ ಮಗ್ಗಿ ಒಪ್ಪಿಸುತ್ತಿದ್ದರು. ಸಂತೆಯ ಲೆಕ್ಕಕ್ಕೆ ಬೇಕಾಗಿದ್ದ ಆ ಜಾಣತನವೇ ಈ ಪರೀಕ್ಷೆಗೂ ಬೇಕು. ಕ್ಯಾಲ್ಕ್ಯುಲೇಟರ್ ಬಂದ ಮೇಲೆ ನಾವು ಅದನ್ನು ಕೈಬಿಟ್ಟೆವು, ಪರೀಕ್ಷಾ ಕೊಠಡಿಯಲ್ಲಿ ಕ್ಯಾಲ್ಕ್ಯುಲೇಟರ್ ಇರುವುದಿಲ್ಲ.

ಬಾಯಿಪಾಠ ಕೂತಿದೆಯೋ ಇಲ್ಲವೋ ತಿಳಿಯಲು ಒಂದು ಪರೀಕ್ಷೆ. ಯಾರಾದರೂ '23ರ ವರ್ಗ' ಎಂದು ಕೇಳಿದಾಗ 529 ಎನ್ನಲು ಎರಡು ಸೆಕೆಂಡಿಗಿಂತ ಹೆಚ್ಚು ಬೇಕಾದರೆ ಅದು ಇನ್ನೂ ಕೂತಿಲ್ಲ. 20ರ ವರ್ಗದಿಂದ ಮೇಲೆ ಎಣಿಸಿಕೊಂಡು ಬರುತ್ತಿದ್ದರೂ ಕೂತಿಲ್ಲ ಎಂದೇ ಲೆಕ್ಕ.

ನಂಬರ್ ಸೀರೀಸ್ ಮನಸ್ಸನ್ನು ಹಿಡಿದಿಟ್ಟುಕೊಳ್ಳುವ ಪ್ರಶ್ನೆ. 'ಇನ್ನೇನು ಹೊಳೆಯಿತು' ಎನ್ನಿಸುತ್ತಲೇ ಎರಡು ನಿಮಿಷ ಹೋಗಿರುತ್ತದೆ. ಇದಕ್ಕೆ 40 ಸೆಕೆಂಡಿನ ಗಡಿ ಹಾಕಿಕೊಳ್ಳಿ. ಗಡಿಯೊಳಗೆ ಏನು ನೋಡಬೇಕು ಎಂಬುದೂ ಮೊದಲೇ ಗೊತ್ತಿರಬೇಕು. ಸಂಖ್ಯೆಗಳು ಮೆಲ್ಲಗೆ ಏರುತ್ತಿದ್ದರೆ ವ್ಯತ್ಯಾಸ ತೆಗೆಯಿರಿ. 7, 9, 15, 27, 47 ಎಂಬ ಸಾಲಿನಲ್ಲಿ ವ್ಯತ್ಯಾಸ 2, 6, 12, 20. ಅವು ಒಂದೆರಡಲೆ, ಎರಡ್ಮೂರಲೆ, ಮೂರ್ನಾಕಲೆ, ನಾಕೈದಲೆ. ಮುಂದಿನದು ಐದಾರಲೆ 30, ಉತ್ತರ 77. ಸಂಖ್ಯೆಗಳು ಮೊದಲು ಸುಮ್ಮನಿದ್ದು ಆಮೇಲೆ ಜಿಗಿಯುತ್ತಿದ್ದರೆ ಏರುವ ಗುಣಕ ಇರುತ್ತದೆ. 6, 7, 16, 51, 208 ನೋಡಿ: ಒಂದರಿಂದ ಗುಣಿಸಿ ಒಂದು ಕೂಡು, ಎರಡರಿಂದ ಗುಣಿಸಿ ಎರಡು ಕೂಡು, ಹೀಗೆ ಹೋಗಿ ಮುಂದಿನದು 1045. ಮೊದಲ ಸಾಲಿನ ವ್ಯತ್ಯಾಸ, ಅದರ ಕೆಳಗೆ ಎರಡನೇ ಸಾಲಿನ ವ್ಯತ್ಯಾಸ, ಗುಣಕ, ಈ ಮೂರನ್ನೂ ನೋಡಿಯೂ ತಿಳಿಯದಿದ್ದರೆ ಅಲ್ಲಿಗೇ ಬಿಟ್ಟು ಮುಂದೆ ನಡೆಯಿರಿ.

ಡಿಐಯಲ್ಲಿ ನಮ್ಮವರು ಹೆಚ್ಚಾಗಿ ಎಡವುವುದು ಯಾವ ಸಂಖ್ಯೆಯಿಂದ ಭಾಗಿಸಬೇಕು ಎಂಬಲ್ಲಿ. ಒಂದು ಸಕ್ಕರೆ ಕಾರ್ಖಾನೆಗೆ ಸೋಮವಾರ 480 ಟನ್ ಕಬ್ಬು ಬಂದಿದೆ, ಮಂಗಳವಾರ 540 ಟನ್. ಮಂಗಳವಾರ ಬಂದದ್ದು ಸೋಮವಾರಕ್ಕಿಂತ ಶೇಕಡಾ ಎಷ್ಟು ಹೆಚ್ಚು? ವ್ಯತ್ಯಾಸ 60. ಅದನ್ನು 480ರಿಂದ ಭಾಗಿಸಿದರೆ ಎಂಟನೇ ಒಂದು, ಅಂದರೆ 12.5. ಅವಸರದಲ್ಲಿ 540ರಿಂದ ಭಾಗಿಸಿದವರಿಗೆ 11.11 ಬರುತ್ತದೆ, ಪ್ರಶ್ನೆ ತೆಗೆಯುವವರು ಅದನ್ನೂ ಆಯ್ಕೆಗಳಲ್ಲಿ ಇಟ್ಟಿರುತ್ತಾರೆ. ಕನ್ನಡದಲ್ಲಿ ಪ್ರಶ್ನೆ ಓದುವವರಿಗೆ ಇಲ್ಲೊಂದು ಅನುಕೂಲವಿದೆ. ಯಾವ ಪದಕ್ಕೆ 'ಕ್ಕಿಂತ' ಅಥವಾ 'ಗಿಂತ' ಅಂಟಿಕೊಂಡಿದೆಯೋ ಅದರ ಸಂಖ್ಯೆಯೇ ಛೇದ. ಸೋಮವಾರ'ಕ್ಕಿಂತ' ಎಂದಿದ್ದರೆ ಸೋಮವಾರದ 480. ಈ ಒಂದು ಗುರುತು ಸಾಕು, ಆ ಗೊಂದಲ ಹೋಗುತ್ತದೆ. ಮತ್ತೆ, ಡಿಐ ಬಂದ ಕೂಡಲೇ ಕೋಷ್ಟಕದ ಎಲ್ಲ ಖಾನೆಗಳನ್ನೂ ಲೆಕ್ಕ ಹಾಕಲು ಹೋಗಬೇಡಿ. ಪ್ರಶ್ನೆ ಕೇಳಿದ ಖಾನೆಯನ್ನು ಮಾತ್ರ ಬಿಡಿಸಿ.

ಬಿಡಿ ಲೆಕ್ಕಗಳಲ್ಲಿ ಸಮಯ ನುಂಗುವುದು 'ಎಕ್ಸ್ ಎಂದಿರಲಿ' ಎಂಬ ಶಾಲೆಯ ರೂಢಿ. ಒಬ್ಬ ವ್ಯಾಪಾರಿ ಇಳಕಲ್ ಸೀರೆಗೆ ಕೊಂಡ ಬೆಲೆಯ ಮೇಲೆ ಶೇಕಡಾ 40 ಏರಿಸಿ ಬೆಲೆ ಬರೆದು, ಅದರ ಮೇಲೆ ಶೇಕಡಾ 15 ರಿಯಾಯಿತಿ ಕೊಟ್ಟು, 570 ರೂಪಾಯಿ ಲಾಭ ಮಾಡಿದ. ಕೊಂಡ ಬೆಲೆ ಎಷ್ಟು? ಕೊಂಡ ಬೆಲೆ 100 ಹಿಡಿಯಿರಿ. ಬರೆದ ಬೆಲೆ 140. ಅದರ ಶೇಕಡಾ 15 ಎಂದರೆ 21. ಮಾರಿದ್ದು 119ಕ್ಕೆ, ಲಾಭ 19. ಹತ್ತೊಂಬತ್ತು ಭಾಗಕ್ಕೆ 570 ಎಂದರೆ ಒಂದು ಭಾಗಕ್ಕೆ 30, ಕೊಂಡ ಬೆಲೆ 3000. ಮೂವತ್ತು ಸೆಕೆಂಡಿನ ಕೆಲಸ. ಇದನ್ನೇ ಸಮೀಕರಣ ಬರೆದು ಬಿಡಿಸಿದರೆ ಒಂದೂವರೆ ನಿಮಿಷ.

ಕಾಲ ಮತ್ತು ಕೆಲಸಕ್ಕೂ ಇದೇ ನಡೆ. ಒಬ್ಬ 12 ದಿನಕ್ಕೆ, ಇನ್ನೊಬ್ಬ 18 ದಿನಕ್ಕೆ ಮುಗಿಸುವ ಕೆಲಸವನ್ನು ಇಬ್ಬರೂ 4 ದಿನ ಮಾಡಿ, ಮೊದಲನೆಯವ ಬಿಟ್ಟುಹೋದರೆ ಉಳಿದದ್ದಕ್ಕೆ ಎಷ್ಟು ದಿನ? ಒಟ್ಟು ಕೆಲಸ 36 ಪಾಲು ಎನ್ನಿ, ಅದು 12 ಮತ್ತು 18ರ ಲಸಾಅ. ಮೊದಲನೆಯವನದು ದಿನಕ್ಕೆ 3 ಪಾಲು, ಎರಡನೆಯವನದು 2. ನಾಲ್ಕು ದಿನದಲ್ಲಿ 20 ಮುಗಿಯಿತು, ಉಳಿದ 16 ಪಾಲಿಗೆ 8 ದಿನ. ಭಿನ್ನರಾಶಿ ಎಲ್ಲೂ ಬರಲೇ ಇಲ್ಲ.

ಈಗ ಗಡಿಯಾರದ ಗುರುತುಗಳು. 20:00ರಿಂದ 15:00ರವರೆಗೆ ಸಿಂಪ್ಲಿಫಿಕೇಶನ್, ಸುಮಾರು 12 ಪ್ರಶ್ನೆ. 12:00ರವರೆಗೆ ಸೀರೀಸ್, ಐದರಲ್ಲಿ ನಾಲ್ಕು ಸಿಕ್ಕರೆ ಸಾಕು. 7:00ರವರೆಗೆ ಡಿಐ, ಐದು. 1:00ರವರೆಗೆ ಬಿಡಿ ಲೆಕ್ಕ, ಐದು. ಕೊನೆಯ ನಿಮಿಷ ಬಿಟ್ಟುಬಂದ ಒಂದು ಪ್ರಶ್ನೆಗೆ. ಒಟ್ಟು 26 ಆಗುತ್ತದೆ. ಸಿಂಪ್ಲಿಫಿಕೇಶನ್ ಎಂಟೇ ಇದ್ದರೆ ಅಲ್ಲಿ ಉಳಿದ ಸಮಯ ಬಿಡಿ ಲೆಕ್ಕಕ್ಕೆ ಹೋಗಲಿ. ಡಿಐ ತೆರೆದಾಗ 20 ಸೆಕೆಂಡು ಓದಿ, ಸಂಖ್ಯೆಗಳು ಹತ್ತರ ಅಥವಾ ಐದರ ಗುಣಕಗಳಾಗಿರದೆ 437, 583 ಎಂಬಂತಿದ್ದರೆ, ಅಥವಾ ಕೋಷ್ಟಕದ ಅರ್ಧ ಮಾಹಿತಿಯನ್ನು ಪ್ಯಾರಾದಿಂದ ಹೆಕ್ಕಬೇಕಿದ್ದರೆ, ಬಿಡಿ ಲೆಕ್ಕಗಳನ್ನು ಮೊದಲು ಮುಗಿಸಿ. ಈ ತೀರ್ಮಾನ ಮಾತ್ರ ಪರೀಕ್ಷೆಯ ಹೊತ್ತಿಗೆ ಬಿಟ್ಟದ್ದು. ಉಳಿದ ಕ್ರಮವನ್ನು ಅಲ್ಲಿ ಕೂತು ಯೋಚಿಸಬಾರದು.

ರೀಸನಿಂಗ್ ವಿಭಾಗ

ಇಲ್ಲಿ 19ಕ್ಕೆ ನಿಂತವರು ಬಹುಪಾಲು ಮೊದಲ ಪ್ರಶ್ನೆಯಿಂದಲೇ ಶುರುಮಾಡಿದವರು. ಮೊದಲ ಪ್ರಶ್ನೆಯೇ ಪಜಲ್ ಆಗಿದ್ದರೆ, ಅದು ಸಿಕ್ಕಿಕೊಂಡರೆ, ಆ ಗಾಬರಿ ಉಳಿದ ಹದಿನೈದು ನಿಮಿಷಕ್ಕೂ ಹರಡುತ್ತದೆ. ಬಿಡಿ ಪ್ರಶ್ನೆಗಳಿಂದ ಶುರುಮಾಡಿ: ಅಸಮಾನತೆ, ಸಿಲಾಜಿಸಂ, ಅಕ್ಷರ ಮತ್ತು ಸಂಖ್ಯೆಗಳ ಸಾಲು, ಕೋಡಿಂಗ್, ದಿಕ್ಕು, ರಕ್ತಸಂಬಂಧ. 13:00ರ ಹೊತ್ತಿಗೆ ಇವು ಮುಗಿದು 14–15 ಉತ್ತರ ಕೈಯಲ್ಲಿರಬೇಕು. 8:30ರವರೆಗೆ ಮೊದಲ ಪಜಲ್, 4:00ರವರೆಗೆ ಎರಡನೆಯದು. ಉಳಿದ ನಾಲ್ಕು ನಿಮಿಷದಲ್ಲಿ ಮೂರನೆಯದಕ್ಕೆ ಕೈ ಹಾಕಬಹುದು. ಪೂರ್ತಿ ಚಿತ್ರ ಬಾರದಿದ್ದರೂ ಖಚಿತವಾದ ಒಂದೆರಡು ಜಾಗದಿಂದ ಒಂದು ಪ್ರಶ್ನೆ ಸಿಗುತ್ತದೆ.

ಬಿಡಿ ಪ್ರಶ್ನೆಗಳಲ್ಲಿ ಒಂದನ್ನು ಮಾತ್ರ ಬಿಡಿಸಿ ಹೇಳುತ್ತೇನೆ, ಏಕೆಂದರೆ ಅದು ಭಾಷೆಯ ತೊಡಕು. ಸಿಲಾಜಿಸಂನಲ್ಲಿ 'ಕೆಲವು' ಮತ್ತು 'ಕೆಲವು ಮಾತ್ರ' ಬೇರೆಬೇರೆ. 'ಕೆಲವು ಪುಸ್ತಕಗಳು ಚೀಲಗಳು' ಎಂದರೆ ಎಲ್ಲವೂ ಚೀಲಗಳಾಗಿರುವ ಸಾಧ್ಯತೆ ತೆರೆದೇ ಇದೆ. 'ಕೆಲವು ಪುಸ್ತಕಗಳು ಮಾತ್ರ ಚೀಲಗಳು' ಎಂದರೆ ಕೆಲವು ಹೌದು, ಕೆಲವು ಖಂಡಿತ ಅಲ್ಲ. ಈಗ 'ಎಲ್ಲ ಪೆನ್ನುಗಳು ಪುಸ್ತಕಗಳು, ಕೆಲವು ಪುಸ್ತಕಗಳು ಮಾತ್ರ ಚೀಲಗಳು' ಎಂದು ಕೊಟ್ಟರೆ, 'ಎಲ್ಲ ಪುಸ್ತಕಗಳು ಚೀಲಗಳಾಗುವ ಸಾಧ್ಯತೆ ಇದೆ' ಎಂಬುದು ತಪ್ಪು. ಆದರೆ 'ಎಲ್ಲ ಪೆನ್ನುಗಳು ಚೀಲಗಳಾಗುವ ಸಾಧ್ಯತೆ ಇದೆ' ಎಂಬುದು ಸರಿ, ಏಕೆಂದರೆ ಪೆನ್ನುಗಳೆಲ್ಲ ಚೀಲವಾದ ಪುಸ್ತಕಗಳ ಪಾಲಿಗೇ ಬಿದ್ದಿರಬಹುದು. ದಿನಬಳಕೆಯ ಮಾತಿನಲ್ಲಿ ನಾವು 'ಕೆಲವರು ಬಂದರು' ಎಂದಾಗ 'ಉಳಿದವರು ಬರಲಿಲ್ಲ' ಎಂದೇ ತಿಳಿಯುತ್ತೇವೆ. ಆ ರೂಢಿಯನ್ನು ಈ ಪ್ರಶ್ನೆಯ ಹೊರಗೆ ಬಿಟ್ಟು ಬರಬೇಕು.

ಇನ್ನು ಪಜಲ್. ಒಂದನ್ನು ಪೂರ್ತಿ ಬಿಡಿಸೋಣ, ಸಮಯ ಎಲ್ಲಿ ಉಳಿಯುತ್ತದೆ ಎಂಬುದು ಅದರಲ್ಲೇ ಕಾಣುತ್ತದೆ.

ಒಬ್ಬ ತರಬೇತುದಾರರು ಸೋಮವಾರದಿಂದ ಭಾನುವಾರದವರೆಗೆ ದಿನಕ್ಕೊಂದು ಊರಿನಂತೆ ಅಥಣಿ, ಬಾದಾಮಿ, ಗೋಕಾಕ, ಹುನಗುಂದ, ಇಂಡಿ, ಮುಧೋಳ, ಸಿಂದಗಿಗೆ ಹೋದರು. ಹುನಗುಂದಕ್ಕೆ ಹೋದದ್ದು ಅಥಣಿಗಿಂತ ಮೊದಲು. ಅಥಣಿಯ ಮರುದಿನವೇ ಸಿಂದಗಿ. ಇಂಡಿ ಮತ್ತು ಗೋಕಾಕದ ನಡುವೆ ನಾಲ್ಕು ಊರು. ಮುಧೋಳ ಮತ್ತು ಬಾದಾಮಿಯ ನಡುವೆ ಎರಡು ಊರು. ಬಾದಾಮಿಯ ಮರುದಿನವೇ ಇಂಡಿ. ಮುಧೋಳಕ್ಕೆ ಹೋದದ್ದು ಗುರುವಾರಕ್ಕಿಂತ ಮೊದಲು, ಆದರೆ ಸೋಮವಾರ ಅಲ್ಲ.

ಸುಳಿವುಗಳನ್ನು ಕೊಟ್ಟ ಕ್ರಮದಲ್ಲೇ ಹಿಡಿದರೆ ಮೊದಲೆರಡು ಸುಳಿವಿಗೆ ಯಾವ ಊರನ್ನೂ ಕೂರಿಸಲಾಗದು. ಅಲ್ಲೇ ಅರ್ಧ ನಿಮಿಷ ಹೋಗುತ್ತದೆ. ಮೊದಲು ಎಲ್ಲವನ್ನೂ ಒಮ್ಮೆ ಓದಿ, ದಿನದ ಹೆಸರಿರುವ ಸುಳಿವನ್ನು ಹುಡುಕಿ. ಇಲ್ಲಿ ಅದು ಕೊನೆಯಲ್ಲಿದೆ. ಮುಧೋಳ ಮಂಗಳವಾರ ಅಥವಾ ಬುಧವಾರ, ಬೇರೆ ದಾರಿಯಿಲ್ಲ. ಈಗಲೇ ರಫ್ ಹಾಳೆಯಲ್ಲಿ ಏಳು ದಿನಕ್ಕೆ ಅಕ್ಕಪಕ್ಕ ಎರಡು ಕಂಬ ಗೆರೆ ಹಾಕಿ. ಒಂದರಲ್ಲಿ ಮುಧೋಳ ಮಂಗಳವಾರ, ಇನ್ನೊಂದರಲ್ಲಿ ಬುಧವಾರ.

ಮುಂದೆ ಮುಧೋಳವನ್ನೇ ಹಿಡಿದ ಸುಳಿವು. ಅದಕ್ಕೂ ಬಾದಾಮಿಗೂ ನಡುವೆ ಎರಡು ಊರು, ಹಿಂದಕ್ಕೆ ಜಾಗವಿಲ್ಲ. ಹಾಗಾಗಿ ಮೊದಲ ಕಂಬದಲ್ಲಿ ಬಾದಾಮಿ ಶುಕ್ರವಾರ, ಎರಡನೆಯದರಲ್ಲಿ ಶನಿವಾರ. ಬಾದಾಮಿಯ ಮರುದಿನ ಇಂಡಿ: ಮೊದಲನೆಯದರಲ್ಲಿ ಶನಿವಾರ, ಎರಡನೆಯದರಲ್ಲಿ ಭಾನುವಾರ. ಇಂಡಿಯಿಂದ ನಾಲ್ಕು ಊರು ಬಿಟ್ಟು ಗೋಕಾಕ: ಮೊದಲನೆಯದರಲ್ಲಿ ಸೋಮವಾರ, ಎರಡನೆಯದರಲ್ಲಿ ಮಂಗಳವಾರ. ಅಥಣಿ ಮತ್ತು ಸಿಂದಗಿಗೆ ಅಕ್ಕಪಕ್ಕದ ದಿನ ಬೇಕು. ಮೊದಲ ಕಂಬದಲ್ಲಿ ಬುಧವಾರ ಮತ್ತು ಗುರುವಾರ, ಎರಡನೆಯದರಲ್ಲಿ ಗುರುವಾರ ಮತ್ತು ಶುಕ್ರವಾರ. ಉಳಿದ ಒಂದೇ ಜಾಗ ಹುನಗುಂದಕ್ಕೆ: ಮೊದಲನೆಯದರಲ್ಲಿ ಭಾನುವಾರ, ಎರಡನೆಯದರಲ್ಲಿ ಸೋಮವಾರ. ಈಗ ಬಾಕಿ ಇದ್ದ ಸುಳಿವು, ಹುನಗುಂದ ಅಥಣಿಗಿಂತ ಮೊದಲು, ಮೊದಲ ಕಂಬವನ್ನು ಹೊಡೆದುಹಾಕುತ್ತದೆ. ಕ್ರಮ ಹೀಗೆ: ಹುನಗುಂದ, ಗೋಕಾಕ, ಮುಧೋಳ, ಅಥಣಿ, ಸಿಂದಗಿ, ಬಾದಾಮಿ, ಇಂಡಿ. ಗುರುವಾರ ಯಾವ ಊರು? ಅಥಣಿ. ಗೋಕಾಕ ಮತ್ತು ಸಿಂದಗಿಯ ನಡುವೆ ಎಷ್ಟು ಊರು? ಎರಡು.

ಒಂದೇ ಕಂಬ ಹಾಕಿ ಮುಧೋಳವನ್ನು ಮಂಗಳವಾರಕ್ಕೆ ಕೂರಿಸಿದವರಿಗೆ ಎಲ್ಲವೂ ಸರಾಗವಾಗಿ ಹೋಗಿ, ಕೊನೆಯ ಸುಳಿವಿನಲ್ಲಿ ಮುರಿದು ಬೀಳುತ್ತದೆ. ಆಗ ಅಳಿಸಿ ಮೊದಲಿಂದ ಮಾಡಬೇಕು. ಎರಡು ಕಂಬ ಹಾಕಲು ಹೆಚ್ಚಿಗೆ ಹಿಡಿಯುವುದು 30 ಸೆಕೆಂಡು, ಮತ್ತೆ ಮಾಡಲು ಹಿಡಿಯುವುದು ಎರಡು ನಿಮಿಷಕ್ಕೂ ಹೆಚ್ಚು. ದಿನದ ಹೆಸರಿಲ್ಲದ 'ಅಲ್ಲ', 'ಗಿಂತ ಮೊದಲು' ಎಂಬಂಥ ಸುಳಿವುಗಳು ಊರನ್ನು ಕೂರಿಸಲು ಬರುವುದಿಲ್ಲ, ಕಂಬವನ್ನು ಕಡಿಯಲು ಬರುತ್ತವೆ. ಅವನ್ನು ಕೊನೆಗೆ ಇಟ್ಟುಕೊಳ್ಳಿ, ಆದರೆ ಮರೆಯದಂತೆ ಹಾಳೆಯ ಮೂಲೆಯಲ್ಲಿ ಬರೆದಿಡಿ. ಕಂಬ ಎರಡಲ್ಲ, ನಾಲ್ಕಾದರೆ ಆ ಪಜಲ್ ಈ ಪರೀಕ್ಷೆಗೆ ಭಾರ, ಬಿಡಿ.

ಸಿಕ್ಕಿಕೊಂಡದ್ದು ಯಾವಾಗ ಎಂದು ತಿಳಿಯುವುದು ಹೇಗೆ? ಎಲ್ಲ ಸುಳಿವುಗಳನ್ನೂ ಒಂದು ಸುತ್ತು ಬಳಸಿದ ಮೇಲೂ ಎರಡು ಕಂಬ ಉಳಿದಿದ್ದರೆ ಯಾವುದೋ ಸುಳಿವನ್ನು ತಪ್ಪು ಓದಿದ್ದೀರಿ ಅಥವಾ ಬಿಟ್ಟಿದ್ದೀರಿ. ಎರಡೂ ಕಂಬ ಮುರಿದರೂ ಅದೇ ಕಾರಣ. ಆಗ ಒಮ್ಮೆ ಮಾತ್ರ ತಿರುಗಿ ಓದಿ, ಅದೂ ಎರಡು ಕಡೆ. ಒಂದು, 'ನಡುವೆ ಮೂವರು' ಮತ್ತು 'ಎಡಕ್ಕೆ ಮೂರನೆಯವರು'. ಮೊದಲನೆಯದರಲ್ಲಿ ನಾಲ್ಕು ಜಾಗ ಜಿಗಿಯಬೇಕು, ಎರಡನೆಯದರಲ್ಲಿ ಮೂರು. ಇನ್ನೊಂದು, ದಕ್ಷಿಣಕ್ಕೆ ಮುಖ ಮಾಡಿ ಕೂತವರ ಸಾಲು. ಹಾಳೆಯ ಮೇಲೆ ಅವರ ಎಡ ನಿಮ್ಮ ಬಲಕ್ಕೆ ಬರುತ್ತದೆ. ತಿರುಗಿ ಓದಿದರೂ ಆಗದಿದ್ದರೆ ಹಾಳಾದ ಮೂರು ನಿಮಿಷವನ್ನು ಉಳಿಸಿಕೊಳ್ಳಲು ಇನ್ನೂ ಮೂರು ನಿಮಿಷ ಸುರಿಯಬೇಡಿ.

ಊಹೆ ಮತ್ತು ಕಾಲು ಅಂಕ

ಐದು ಆಯ್ಕೆಗಳಿರುತ್ತವೆ. ಏನೂ ತಿಳಿಯದೆ ಐದು ಪ್ರಶ್ನೆಗೆ ಗುರುತು ಹಾಕಿದರೆ ಸರಾಸರಿ ಒಂದು ಸರಿ, ನಾಲ್ಕು ತಪ್ಪು. ಒಂದು ಅಂಕ ಬಂತು, ನಾಲ್ಕು ಕಾಲು ಹೋಯಿತು, ಕೈಗೆ ಸೊನ್ನೆ. ಒಂದು ಆಯ್ಕೆಯನ್ನು ಖಚಿತವಾಗಿ ಹೊಡೆದುಹಾಕಿದರೆ ಲಾಭ ಅಲ್ಪ: ನಾಲ್ಕು ಪ್ರಶ್ನೆಗೆ ಕಾಲು ಅಂಕ. ಎರಡಕ್ಕೆ ಇಳಿದಿದ್ದರೆ ಎರಡು ಪ್ರಶ್ನೆಗೆ ಮುಕ್ಕಾಲು ಅಂಕ, ಅಲ್ಲಿ ಗುರುತು ಹಾಕದೆ ಬಿಡುವುದೇ ನಷ್ಟ. ನ್ಯೂಮರಿಕಲ್‌ನಲ್ಲಿ ಎರಡಕ್ಕೆ ಇಳಿಯಲು ಹಲವು ಸಲ ಕೊನೆಯ ಅಂಕಿ ಸಾಕು. 437 × 28 ರ ಕೊನೆಯ ಅಂಕಿ 6 ಆಗಲೇಬೇಕು. ಆಯ್ಕೆಗಳಲ್ಲಿ 6ರಿಂದ ಮುಗಿಯುವವು ಎರಡೇ ಇದ್ದರೆ ಉಳಿದ ಮೂರನ್ನು ನೋಡುವ ಅಗತ್ಯವಿಲ್ಲ. ಆದರೆ ಕೊನೆಯ ಮುಕ್ಕಾಲು ನಿಮಿಷದಲ್ಲಿ ಉಳಿದ ಹತ್ತಕ್ಕೂ ಒಂದೇ ಆಯ್ಕೆ ಒತ್ತುವ ರೂಢಿ ಇದ್ದರೆ ಬಿಡಿ. ಸರಾಸರಿ ಸೊನ್ನೆ ಎಂದರೆ ಒಂದು ದಿನ ಅದು ಎರಡೂವರೆ ಅಂಕದವರೆಗೂ ಕೆಳಗೆ ಎಳೆಯಬಹುದು.

ಉತ್ತರ ಒತ್ತಿದ ಮೇಲೆ Save & Next ಒತ್ತಲೇಬೇಕು. ಬದಿಯ ಪಟ್ಟಿಯಲ್ಲಿ ಬೇರೆ ಪ್ರಶ್ನೆಯ ಸಂಖ್ಯೆಗೆ ನೇರವಾಗಿ ಜಿಗಿದರೆ ಈಗಿನ ಉತ್ತರ ಉಳಿಯುವುದಿಲ್ಲ. ಬಿಟ್ಟು ಬಿಟ್ಟು ಮಾಡುವ ಕ್ರಮ ಹಿಡಿದವರಿಗೆ ಈ ತಪ್ಪು ಆಗುವ ಸಂಭವ ಹೆಚ್ಚು, ಅದಕ್ಕೇ ಹೇಳಿದೆ.

ಎರಡು ತಿಂಗಳು

ಮೊದಲ ಮೂರು ವಾರ ಗಡಿಯಾರದ ಯೋಜನೆ ಬೇಡ, ಕೈ ವೇಗ ಬರಲಿ. ದಿನಕ್ಕೆ 40 ಸಿಂಪ್ಲಿಫಿಕೇಶನ್, ಒಂದೇ ಅಧ್ಯಾಯದ ಹತ್ತು ಹದಿನೈದು ಬಿಡಿ ಲೆಕ್ಕ, ಮೂರು ಪಜಲ್. ಅಧ್ಯಾಯಗಳನ್ನು ಶೇಕಡಾ ಮತ್ತು ಅನುಪಾತದಿಂದ ಶುರುಮಾಡಿ. ಲಾಭ ನಷ್ಟ, ಬಡ್ಡಿ, ಪಾಲುದಾರಿಕೆ, ಮಿಶ್ರಣ ಎಲ್ಲವೂ ಅವೆರಡರ ಮೇಲೆಯೇ ನಿಂತಿವೆ. ನಾಲ್ಕರಿಂದ ಆರನೇ ವಾರದವರೆಗೆ ದಿನಕ್ಕೆ ಎರಡು ವಿಭಾಗ ಪರೀಕ್ಷೆ, ಒಂದು ನ್ಯೂಮರಿಕಲ್, ಒಂದು ರೀಸನಿಂಗ್, ಸರಿಯಾಗಿ 20 ನಿಮಿಷ. ಕೊನೆಯ ಎರಡು ವಾರ ದಿನ ಬಿಟ್ಟು ದಿನ ಪೂರ್ತಿ 60 ನಿಮಿಷದ ಮಾಕ್.

ಮಾಕ್ ಮುಗಿದ ಮೇಲೆ ಅಂಕ ನೋಡಿ ಪುಟ ಮುಚ್ಚುವವರಿಗೆ ಇಪ್ಪತ್ತು ಮಾಕ್ ಬರೆದರೂ ಸಂಖ್ಯೆ ಕದಲುವುದಿಲ್ಲ. ಒಂದು ನೋಟ್‌ಬುಕ್‌ನಲ್ಲಿ ನಾಲ್ಕು ಕಾಲಂ ಹಾಕಿ: ಸಮಯದೊಳಗೆ ಸರಿ, ಸರಿ ಆದರೆ ತಡ, ತಪ್ಪು, ಮತ್ತು ಬಿಟ್ಟದ್ದು ಆದರೆ ಈಗ ಮಾಡಿದರೆ ಬರುತ್ತದೆ. ಪ್ರತಿ ಪ್ರಶ್ನೆ ಸಂಖ್ಯೆಯನ್ನೂ ಯಾವುದಾದರೂ ಕಾಲಂಗೆ ಹಾಕಿ. ತೀರಾ ಬಾರದವನ್ನು ಬರೆಯಬೇಡಿ. ಎರಡನೇ ಕಾಲಂ ತುಂಬುತ್ತಿದ್ದರೆ ಬಾಯಿಪಾಠ ಮತ್ತು ದಾರಿ ಬದಲಾಗಬೇಕು, ಸೀರೆಯ ಲೆಕ್ಕದಲ್ಲಿ ನೋಡಿದಂತೆ. ನಾಲ್ಕನೆಯದು ತುಂಬುತ್ತಿದ್ದರೆ ಲೆಕ್ಕದ ದೋಷವಲ್ಲ, ಕ್ರಮದ ದೋಷ: ಬರುವ ಪ್ರಶ್ನೆಯನ್ನು ತಲುಪುವ ಮೊದಲೇ ಸಮಯ ಮುಗಿದಿದೆ. ನೀವು ಬರೆದದ್ದನ್ನು ನೋಡಿದರೆ ನಿಮಗೆ ಈ ಎರಡು ಕಾಲಂಗಳೇ ಉದ್ದ ಇರಬೇಕು. ಮೂರನೆಯದರಲ್ಲಿ ತಪ್ಪಿನ ಪಕ್ಕ ಕಾರಣವನ್ನು ಎರಡೇ ಪದದಲ್ಲಿ ಬರೆಯಿರಿ: 'ಛೇದ ತಪ್ಪು', 'ಎಡಬಲ', 'ಕೆಲವು ಮಾತ್ರ'. ಹತ್ತು ಮಾಕ್ ಕಳೆದ ಮೇಲೆ ಅದೇ ನಾಲ್ಕೈದು ಕಾರಣ ಮರುಕಳಿಸುತ್ತಿರುವುದು ಕಾಣುತ್ತದೆ.

ಮಾಕ್‌ಗಳನ್ನು ಮೊಬೈಲಿನಲ್ಲೇ ಬರೆಯುತ್ತಿದ್ದರೆ ಕೊನೆಯ ಎರಡು ವಾರ ಕಾಲೇಜಿನ ಲ್ಯಾಬ್‌ನಲ್ಲೋ ಸೈಬರ್‌ನಲ್ಲೋ ನಾಲ್ಕೈದನ್ನು ಕಂಪ್ಯೂಟರ್‌ನಲ್ಲಿ ಬರೆಯಿರಿ. ನಿಂತ ಪರದೆಯಿಂದ ಮೇಜಿನ ಮೇಲಿನ ಹಾಳೆಗೆ ಸಂಖ್ಯೆ ಇಳಿಸಿಕೊಳ್ಳುವಾಗ 583 ಹೋಗಿ 538 ಆಗುವುದು ಅಭ್ಯಾಸವಿಲ್ಲದವರಿಗೆ ಸಾಮಾನ್ಯ. ಭಾಷೆಯನ್ನೂ ಈಗಲೇ ತೀರ್ಮಾನಿಸಿ. ನ್ಯೂಮರಿಕಲ್ ಮತ್ತು ರೀಸನಿಂಗ್ ಕನ್ನಡದಲ್ಲಿ ಸಿಗುತ್ತವೆ. ಮಾಕ್‌ಗಳನ್ನು ಇಂಗ್ಲಿಷ್‌ನಲ್ಲಿ ಬರೆದು ಪರೀಕ್ಷೆಯ ದಿನ ಕನ್ನಡ ಆರಿಸಿಕೊಂಡರೆ ಪ್ರತಿ ಪ್ರಶ್ನೆಯಲ್ಲೂ ಪದಗಳಿಗೆ ತಡಕಾಡಬೇಕಾಗುತ್ತದೆ.

ನಿಮ್ಮ ಕಡೆಯವರು ಗ್ರಾಮೀಣ ಬ್ಯಾಂಕಿನ ಪರೀಕ್ಷೆಯನ್ನೂ ಬರೆಯುತ್ತೀರಿ. ಬೆಳಗಾವಿ, ಬಾಗಲಕೋಟೆ, ವಿಜಯಪುರಕ್ಕೆಲ್ಲ ಪರಿಚಿತವಾಗಿದ್ದ ಧಾರವಾಡದ ವಿಕಾಸ ಗ್ರಾಮೀಣ ಬ್ಯಾಂಕ್ 2025ರ ಮೇ 1ರಿಂದ ಬಳ್ಳಾರಿ ಕೇಂದ್ರವಾದ ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿ ಸೇರಿದೆ. ಅಲ್ಲಿನ ಆಫೀಸ್ ಅಸಿಸ್ಟೆಂಟ್ ಪ್ರಿಲಿಮ್ಸ್‌ನಲ್ಲಿ ಇಂಗ್ಲಿಷ್ ಇಲ್ಲ. ರೀಸನಿಂಗ್ 40, ನ್ಯೂಮರಿಕಲ್ 40, ಒಟ್ಟು 45 ನಿಮಿಷ. ಆ 45 ನಿಮಿಷವನ್ನು ವಿಭಾಗಕ್ಕೆ ಹೇಗೆ ಕಟ್ಟಿದ್ದಾರೆ ಎಂದು ಆ ವರ್ಷದ ಅಧಿಸೂಚನೆಯಲ್ಲಿ ನೋಡಿಕೊಂಡು, ಮೇಲಿನ ಗುರುತುಗಳನ್ನು ಅದಕ್ಕೆ ತಕ್ಕಂತೆ ಹೊಸದಾಗಿ ಬರೆದುಕೊಳ್ಳಿ. ಎರಡಕ್ಕೂ ಸೇರಿ ಒಂದೇ ಗಡಿಯಾರ ಇದ್ದರೆ ರೀಸನಿಂಗ್‌ನ ಬಿಡಿ ಪ್ರಶ್ನೆಗಳನ್ನೂ ಸಿಂಪ್ಲಿಫಿಕೇಶನ್ ಮತ್ತು ಸೀರೀಸನ್ನೂ ಮೊದಲ 17–18 ನಿಮಿಷದಲ್ಲಿ ಮುಗಿಸಿ, ಆಮೇಲೆ ಪಜಲ್ ಮತ್ತು ಡಿಐಗೆ ಕೈ ಹಾಕಿ.